ಓಟಿಂಗ್‌ನ ಪಿಕಪ್, ಬೆಲ್‌ಫಾಸ್ಟ್‌ನ ಕಾರು: ನಿಲ್ಲದ ವಾಹನದ ಮೇಲೆ ಸೈನಿಕ ಯಾವಾಗ ಗುಂಡು ಹಾರಿಸಬಹುದು?

ತೀರ್ಥಹಳ್ಳಿ ಓದುಗ

2021ರ ಡಿಸೆಂಬರ್ 4ರ ಸಂಜೆ ನಾಗಾಲ್ಯಾಂಡಿನ ಮೋನ್ ಜಿಲ್ಲೆಯಲ್ಲಿ ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಓಟಿಂಗ್ ಗ್ರಾಮಕ್ಕೆ ಮರಳುತ್ತಿದ್ದ ಎಂಟು ಜನರ ಪಿಕಪ್ ವಾಹನದ ಮೇಲೆ ಸೇನೆಯ ವಿಶೇಷ ಪಡೆಯ ತಂಡವೊಂದು ಗುಂಡು ಹಾರಿಸಿತು. ಆರು ಜನ ಸತ್ತರು, ಇಬ್ಬರು ಗಾಯಗೊಂಡು ಉಳಿದರು. ಅದಾದ ಮೇಲೆ ಊರಿನವರಿಗೂ ಪಡೆಗೂ ನಡೆದ ಘರ್ಷಣೆಯಲ್ಲಿ ಇನ್ನೂ ಏಳು ಜನ ನಾಗರಿಕರು ಮತ್ತು ಒಬ್ಬ ಯೋಧ ಪ್ರಾಣ ಕಳೆದುಕೊಂಡರು. ಬಂಡುಕೋರರ ಓಡಾಟದ ಬಗ್ಗೆ ಮಾಹಿತಿ ಇತ್ತು, ನಿಲ್ಲಿಸಲು ಸೂಚಿಸಿದಾಗ ವಾಹನ ವೇಗವಾಗಿ ಮುಂದೆ ಹೋಗಲು ಯತ್ನಿಸಿತು, ಆಮೇಲೆ ಇದು ಗುರುತು ತಪ್ಪಿದ ಪ್ರಕರಣ ಎಂದು ತಿಳಿಯಿತು ಎಂದು ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ನಿಲ್ಲಿಸುವ ಸೂಚನೆಯನ್ನೇ ಕೊಡಲಿಲ್ಲ ಎಂದು ಬದುಕುಳಿದವರು ಹೇಳಿದ್ದಾರೆ.

ನನ್ನನ್ನು ಕಾಡುತ್ತಿರುವುದು ಈ "ಗುರುತು ತಪ್ಪಿತು" ಎಂಬ ವಿವರಣೆ. ಸರ್ಕಾರದ ಪರ ಇರುವವರೂ ವಿರೋಧಿಸುವವರೂ ಅದನ್ನೇ ಹಿಡಿದು ವಾದಿಸುತ್ತಾರೆ. ಒಂದು ವೇಳೆ ಗುರುತು ತಪ್ಪಿರದಿದ್ದರೆ, ಅಂದರೆ ಆ ವಾಹನದಲ್ಲಿದ್ದವರು ನಿಜವಾಗಿಯೂ ಬಂಡುಕೋರರೇ ಆಗಿದ್ದರೆ, ಆ ಗುಂಡುಗಳು ನ್ಯಾಯವಾಗಿರುತ್ತಿದ್ದವೇ? ಸೇನೆಯಲ್ಲಿ ಇದ್ದವರು, ಕಾನೂನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ವಿಜಯಪುರದ ಮೇಷ್ಟ್ರು

ನ್ಯಾಯಯುತ ಯುದ್ಧ ಎಂದರೆ ಕಾರಣ ನ್ಯಾಯವಾಗಿರಬೇಕು, ಬೇರೆ ದಾರಿಗಳೆಲ್ಲ ಮುಗಿದಿರಬೇಕು, ಅಧಿಕಾರವಿದ್ದವರೇ ಅದನ್ನು ಘೋಷಿಸಿರಬೇಕು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರ ಪ್ರವಾಹವೇ ಹರಿದು ಬಂದಾಗ ನಾವು ಯುದ್ಧಕ್ಕೆ ಇಳಿದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ದೇಶದ ಏಕತೆಯನ್ನು ಕಾಪಾಡುವುದೂ ನ್ಯಾಯವಾದ ಕಾರಣವೇ ಆಗಿರುವುದರಿಂದ, ಅಂಥ ಕಾರ್ಯದಲ್ಲಿ ತೊಡಗಿರುವ ಸೈನಿಕನ ಒಂದೊಂದು ಗುಂಡನ್ನೂ ಪ್ರಶ್ನಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ವಕೀಲೆ, ಧಾರವಾಡ

ಮೇಷ್ಟ್ರೇ, ನೀವು ಉತ್ತರಿಸಿರುವುದು ಯುದ್ಧಕ್ಕೆ ಹೋಗುವುದು ಸರಿಯೇ ಎಂಬ ಪ್ರಶ್ನೆಯನ್ನು. ಇಲ್ಲಿ ಕೇಳಿರುವುದು ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು. ಈ ಎರಡನ್ನೂ ನ್ಯಾಯಯುದ್ಧದ ಚಿಂತನೆ ಬೇಕೆಂದೇ ಬೇರೆ ಬೇರೆಯಾಗಿ ಇಟ್ಟಿದೆ. ಕಾರಣ ಎಷ್ಟೇ ನ್ಯಾಯವಾಗಿದ್ದರೂ ಶರಣಾದವನನ್ನು ಕೊಲ್ಲುವ ಹಕ್ಕು ಅದರಿಂದ ಹುಟ್ಟುವುದಿಲ್ಲ, ಅನ್ಯಾಯದ ಯುದ್ಧಕ್ಕೆ ಕಳುಹಿಸಲ್ಪಟ್ಟ ಸಾಮಾನ್ಯ ಸಿಪಾಯಿಯೂ ನಿಯಮ ಪಾಲಿಸಿದರೆ ಕೊಲೆಗಾರನಾಗುವುದಿಲ್ಲ. ಹಾಗೆ ಬೇರ್ಪಡಿಸದೇ ಹೋದರೆ, ತನ್ನ ಕಡೆಯೇ ನ್ಯಾಯವಿದೆ ಎಂದು ನಂಬಿರುವ ಎರಡೂ ಪಕ್ಷಗಳು ಯಾವ ಮಿತಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಬೆಂಗಳೂರು ದಕ್ಷಿಣ

ಇಷ್ಟೆಲ್ಲ ತರ್ಕಕ್ಕೆ ಅವಕಾಶವೇ ಇಲ್ಲ. ಮೋನ್ ಜಿಲ್ಲೆಯಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಲ್ಲಿತ್ತು. ಅದರ 4ನೇ ಸೆಕ್ಷನ್ನಿನ ಪ್ರಕಾರ ಪ್ರಾಣ ಹೋಗುವ ಮಟ್ಟಿಗೂ ಬಲ ಪ್ರಯೋಗಿಸುವ ಅಧಿಕಾರ ಸೈನಿಕನಿಗಿದೆ, 6ನೇ ಸೆಕ್ಷನ್ನಿನ ಪ್ರಕಾರ ಕೇಂದ್ರದ ಅನುಮತಿ ಇಲ್ಲದೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ನಾಗಾಲ್ಯಾಂಡ್ ಪೊಲೀಸರ ವಿಶೇಷ ತನಿಖಾ ತಂಡ 2022ರಲ್ಲಿ ಒಬ್ಬ ಮೇಜರ್ ಸೇರಿದಂತೆ 30 ಜನರ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಕೇಂದ್ರ ಅನುಮತಿ ನಿರಾಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಅಲ್ಲಿಗೆ ಗುಂಡು ಹಾರಿಸಿದ್ದು ಕಾನೂನುಬದ್ಧ ಎಂದಾಯಿತು.

ವಕೀಲೆ, ಧಾರವಾಡ

ನೀವು ಕೊಟ್ಟ ಸಂಗತಿಗಳು ಸರಿ, ತೀರ್ಮಾನ ಸರಿಯಿಲ್ಲ. ಮೊಕದ್ದಮೆ ನಿಂತದ್ದು ಅನುಮತಿ ಸಿಗದ ಕಾರಣಕ್ಕೆ. ಗುಂಡು ಹಾರಿಸಿದ್ದು ಸರಿಯೇ ತಪ್ಪೇ ಎಂಬುದನ್ನು ಯಾವ ನ್ಯಾಯಾಲಯವೂ ಸಾಕ್ಷ್ಯ ಕೇಳಿ ತೀರ್ಮಾನಿಸಿಲ್ಲ. ಮುಂದೆಂದಾದರೂ ಅನುಮತಿ ಸಿಕ್ಕರೆ ವಿಚಾರಣೆ ಮುಂದುವರಿಯಬಹುದು, ಸೇನೆ ತಾನಾಗಿ ಶಿಸ್ತುಕ್ರಮ ಕೈಗೊಳ್ಳಲೂ ಅಡ್ಡಿಯಿಲ್ಲ ಎಂದು ಅದೇ ಆದೇಶದಲ್ಲಿದೆ. ವಿಚಾರಣೆ ನಡೆಯದಿರುವುದನ್ನೂ ನಿರ್ದೋಷಿ ಎಂಬ ತೀರ್ಪನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಇನ್ನು 4ನೇ ಸೆಕ್ಷನ್ ಬಗ್ಗೆ. ಆ ಅಧಿಕಾರ ಎಲ್ಲ ಸೈನಿಕರಿಗೂ ಇಲ್ಲ. ಅಧಿಕಾರಿಗೆ, ಸುಬೇದಾರ್‌ನಂಥ ಕಿರಿಯ ಅಧಿಕಾರಿಯಾದ ಜೆಸಿಓಗೆ, ಹವಾಲ್ದಾರ್ ಅಥವಾ ನಾಯಕ್ ದರ್ಜೆಯವರಿಗೆ ಇದೆ, ತಾನಾಗಿಯೇ ನಿರ್ಧರಿಸುವ ಸಿಪಾಯಿಗೆ ಇಲ್ಲ. ಸಾರ್ವಜನಿಕ ಶಾಂತಿ ಕಾಪಾಡಲು ಅದು ಅಗತ್ಯ ಎಂದು ಅವರಿಗೆ ಅನ್ನಿಸಿರಬೇಕು, ತಾವು ಅಗತ್ಯವೆಂದು ಕಂಡಷ್ಟು ಎಚ್ಚರಿಕೆಯನ್ನು ಮೊದಲು ಕೊಟ್ಟಿರಬೇಕು, ಮತ್ತು ಎದುರಿನವನು ಗುಂಪು ಸೇರುವುದನ್ನೋ ಆಯುಧ ಒಯ್ಯುವುದನ್ನೋ ನಿಷೇಧಿಸಿದ ಆದೇಶವನ್ನು ಆ ಹೊತ್ತಿನಲ್ಲಿ ಮೀರುತ್ತಿರಬೇಕು. 1997ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಕಾಯ್ದೆಯನ್ನು ಎತ್ತಿಹಿಡಿದಾಗ, ಸೇನೆಯೇ ತನ್ನ ಯೋಧರಿಗೆ ಹೊರಡಿಸಿದ್ದ "ಮಾಡಬೇಕಾದದ್ದು, ಮಾಡಬಾರದ್ದು" ಪಟ್ಟಿಯನ್ನು ಪಾಲಿಸಲೇಬೇಕು, ಬಲವನ್ನು ಕನಿಷ್ಠ ಪ್ರಮಾಣದಲ್ಲಷ್ಟೇ ಬಳಸಬೇಕು ಎಂದೂ ಹೇಳಿತು.

ಓದುಗರ ಮೂಲ ಪ್ರಶ್ನೆಗೆ ಹತ್ತಿರವಾಗುವುದು ಮಣಿಪುರದ ಎನ್‌ಕೌಂಟರ್‌ಗಳ ಬಗ್ಗೆ 2016ರಲ್ಲಿ ಬಂದ ತೀರ್ಪು. ಅಲ್ಲಿರುವುದು ಯುದ್ಧವಲ್ಲ, ಆಂತರಿಕ ಗಲಭೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದರ ಪರಿಣಾಮ ದೊಡ್ಡದು. ಯುದ್ಧದಲ್ಲಿ ಎದುರು ಪಕ್ಷದ ಸೈನಿಕ ಮಲಗಿದ್ದರೂ ಹಿಮ್ಮೆಟ್ಟುತ್ತಿದ್ದರೂ ಶರಣಾಗುವ ಇಲ್ಲವೇ ಗಾಯಗೊಂಡು ಹೋರಾಡಲಾಗದಂತಾಗುವ ತನಕ ಅವನ ಮೇಲೆ ಗುಂಡು ಹಾರಿಸಬಹುದು, ಅಲ್ಲಿ ನೋಡುವುದು ಅವನು ಯಾರು ಎಂಬುದನ್ನು. ಯುದ್ಧವಲ್ಲದ ಕಡೆ ನೋಡಬೇಕಾದದ್ದು ಅವನು ಈಗ ಏನು ಮಾಡುತ್ತಿದ್ದಾನೆ ಎಂಬುದನ್ನು. ನಿಷೇಧವಿರುವಲ್ಲಿ ಆಯುಧ ಹಿಡಿದಿದ್ದಾನೆ ಎಂಬಷ್ಟಕ್ಕೇ ಒಬ್ಬನನ್ನು ಉಗ್ರ ಎಂದು ಕರೆಯಲಾಗದು, ಹಿಂಸೆಯ ಕೃತ್ಯವೋ ಅದರ ಪ್ರಯತ್ನವೋ ಕಾಣಬೇಕು ಎಂದು ಆ ತೀರ್ಪು ಹೇಳುತ್ತದೆ. ಹಾಗಾಗಿ, ಗುರುತು ಸರಿಯಾಗಿದ್ದರೂ ಓಟಿಂಗ್‌ನ ಗುಂಡುಗಳನ್ನು ಸಮರ್ಥಿಸಲು ಇನ್ನೂ ಏನೋ ಬೇಕಿತ್ತು ಎಂಬುದು ನನ್ನ ಉತ್ತರ. "ಗುರುತು ತಪ್ಪಿತು" ಎಂಬ ವಿವರಣೆ ಯುದ್ಧದ ಅಳತೆಗೋಲನ್ನು ಸದ್ದಿಲ್ಲದೆ ಒಳಗೆ ತಂದುಬಿಡುತ್ತದೆ.

ನಿವೃತ್ತ ಸುಬೇದಾರ್, ಸೋಮವಾರಪೇಟೆ

ಮೇಡಂ ಹೇಳಿದ ವ್ಯತ್ಯಾಸ ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ಬರೆಯುತ್ತೇನೆ. ಓಟಿಂಗ್‌ನಲ್ಲಿ ನಾನಿರಲಿಲ್ಲ, ಆ ತಂಡದ ಬಗ್ಗೆ ತೀರ್ಪು ಕೊಡುವುದೂ ಇಲ್ಲ. ಈಶಾನ್ಯದಲ್ಲಿಯೂ ಕಾಶ್ಮೀರದಲ್ಲಿಯೂ ಸೇವೆ ಮಾಡಿದವನಾಗಿ ಕೆಲಸದ ರೀತಿಯನ್ನು ಮಾತ್ರ ಹೇಳುತ್ತೇನೆ.

ವಾಹನವನ್ನು ಎದುರಿಸುವ ಬಗೆಗಳಲ್ಲಿ ರಸ್ತೆ ತಡೆದು ತಪಾಸಿಸುವ ನಾಕಾ ಒಂದು, ಅಡಗಿ ಹೊಂಚು ಹಾಕುವ ಆಂಬುಷ್ ಒಂದು. ನಾಕಾ ಇರುವುದು ಕಾಣುವುದಕ್ಕಾಗಿ. ದೂರದಲ್ಲೇ ಬೋರ್ಡು, ದೀಪ, ನಿಧಾನವಾಗಿ ಸುತ್ತಿ ಬರುವಂತೆ ಅಡ್ಡಾದಿಡ್ಡಿ ಇಟ್ಟ ಡ್ರಮ್ಮುಗಳು, ಕೊನೆಯಲ್ಲಿ ಗೇಟು, ಅದನ್ನೂ ದಾಟಿದರೆ ಚಕ್ರಕ್ಕೆ ಚುಚ್ಚುವ ಮೊಳೆಪಟ್ಟಿ. ಇವೆಲ್ಲದರ ಉದ್ದೇಶ ಸೈನಿಕನಿಗೆ ಸಮಯ ಗಳಿಸಿಕೊಡುವುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ನೂರು ಮೀಟರ್ ದೂರವನ್ನು ಆರು ಸೆಕೆಂಡುಗಳಲ್ಲಿ ದಾಟುತ್ತದೆ. ಆ ಆರು ಸೆಕೆಂಡುಗಳಲ್ಲಿ ಕೂಗಬೇಕು, ಕೈ ತೋರಿಸಬೇಕು, ಚಾಲಕನಿಗೆ ಅರ್ಥವಾಯಿತೇ ನೋಡಬೇಕು, ಆಮೇಲೆ ನಿರ್ಧರಿಸಬೇಕು. ಡ್ರಮ್ಮುಗಳಿಂದ ಅದೇ ಗಾಡಿ 20ರ ವೇಗಕ್ಕೆ ಇಳಿದರೆ ಹದಿನೆಂಟು ಸೆಕೆಂಡು ಸಿಗುತ್ತದೆ. ಆ ಹೆಚ್ಚಿನ ಹನ್ನೆರಡು ಸೆಕೆಂಡುಗಳಲ್ಲಿ ಎಷ್ಟೋ ಪ್ರಾಣಗಳು ಉಳಿಯುತ್ತವೆ.

ಆಂಬುಷ್ ಇದರ ತದ್ವಿರುದ್ಧ. ಅದು ಇರುವುದೇ ಕಾಣಬಾರದು ಎಂದು. ಕಮಾಂಡರ್‌ನ ಮೊದಲ ಗುಂಡೇ ಉಳಿದವರಿಗೆ ಸಂಕೇತ, ಅದು ಹೊರಟ ಮೇಲೆ ಪ್ರತಿಯೊಬ್ಬನೂ ತನಗೆ ಕೊಟ್ಟ ದಿಕ್ಕಿನಲ್ಲಿ ಹಾರಿಸುತ್ತಾನೆ. ಯಾವ ಜವಾನನೂ ಆ ಹೊತ್ತಿನಲ್ಲಿ ಪ್ರತ್ಯೇಕವಾಗಿ ಯೋಚಿಸುವುದಿಲ್ಲ, ಹಾಗೆ ಯೋಚಿಸದಂತೆಯೇ ತರಬೇತಿ ಕೊಟ್ಟಿರುತ್ತಾರೆ. ಕಾವಲಿಗೆ ನಿಂತಾಗ "ಥಮ್! ಕೌನ್ ಆತಾ ಹೈ?" ಎಂದು ಕೂಗುವುದನ್ನು ಕಲಿಸಿದ ಅದೇ ಸೇನೆ, ಆಂಬುಷ್‌ನಲ್ಲಿ ಉಸಿರಿನ ಸದ್ದೂ ಕೇಳಿಸಬಾರದು ಎಂದು ಕಲಿಸುತ್ತದೆ. ಹಾಗಾಗಿ ಅಲ್ಲಿ ಗುಂಡಿನ ನಿರ್ಧಾರವಾಗುವುದು ಟ್ರಿಗರ್ ಬಳಿ ಅಲ್ಲ. ಮಾಹಿತಿ ಕೊಟ್ಟವನು ಯಾರು, ಅದನ್ನು ಇನ್ನೊಂದು ಮೂಲದಿಂದ ಖಚಿತ ಮಾಡಿಕೊಂಡೆವೇ, ರಸ್ತೆಯ ಆ ತುದಿಯಲ್ಲಿ ದಾರಿ ಕಾಯುತ್ತ ಕುಳಿತ ಸಣ್ಣ ತುಕಡಿ, ಅಂದರೆ ಸ್ಟಾಪ್ ಪಾರ್ಟಿ, ಗಾಡಿಯೊಳಗೆ ಆಯುಧ ಕಂಡು ವೈರ್‌ಲೆಸ್‌ನಲ್ಲಿ ಹೇಳಿತೇ, ಆ ಹೊತ್ತಿಗೆ ಊರಿನ ಜನ ಆ ದಾರಿಯಲ್ಲಿ ಓಡಾಡುತ್ತಾರೆಯೇ, ಇವುಗಳಲ್ಲಿ ಆಗುತ್ತದೆ. ವಾಹನ ನಮ್ಮ ಮುಂದೆ ಬಂದಾಗ ನಿರ್ಧಾರ ಹಳೆಯದಾಗಿರುತ್ತದೆ.

ಮೊದಲೇ ಬಂದ ಮಾಹಿತಿ ಕಣ್ಣನ್ನೂ ಬದಲಿಸುತ್ತದೆ. 2014ರ ನವೆಂಬರ್‌ನಲ್ಲಿ ಬಡಗಾಮ್‌ನ ಛತ್ತರ್‌ಗಾಮ್‌ನಲ್ಲಿ ಉಗ್ರರಿರುವ ಬಿಳಿ ಕಾರಿನ ಬಗ್ಗೆ ಮಾಹಿತಿ ಇತ್ತು, ನಿಲ್ಲದೆ ಬಂದ ಬಿಳಿ ಮಾರುತಿಯ ಮೇಲೆ ಗುಂಡು ಹಾರಿತು, ಸತ್ತ ಇಬ್ಬರೂ ಏನೂ ಅರಿಯದ ಹುಡುಗರು. ಸೇನೆ ತಪ್ಪನ್ನು ಒಪ್ಪಿಕೊಂಡಿತು. ಬಿಳಿ ಕಾರು ಬರುತ್ತದೆ ಎಂದು ಕಾಯುತ್ತಿರುವವನಿಗೆ ಬರುವ ಪ್ರತಿ ಬಿಳಿ ಕಾರೂ ಅದೇ ಆಗಿಬಿಡುತ್ತದೆ.

ರಸ್ತೆ ಎಂಜಿನಿಯರ್

ನನ್ನದು ಸೈನಿಕನ ಅನುಭವವಲ್ಲ, ಗಾಡಿಯ ಒಳಗೆ ಕೂತವನದು. ಹೆದ್ದಾರಿ ಕಾಮಗಾರಿಗಾಗಿ ಮಣಿಪುರದಲ್ಲಿದ್ದಾಗ ಒಂದು ಸಂಜೆ ನಮ್ಮ ಬೊಲೆರೊ ನಾಕಾ ದಾಟಿ ಹೋಗಿಯೇಬಿಟ್ಟಿತ್ತು. ತಿರುವಿನಲ್ಲಿ ಇಳಿಬಿಸಿಲು ನೇರವಾಗಿ ಗಾಜಿಗೆ ಹೊಡೆಯುತ್ತಿತ್ತು, ಗಾಜಿನ ತುಂಬ ಕೆಂಪು ಧೂಳು, ಒಳಗೆ ಜೋರಾಗಿ ಹಾಡು. ಮರದ ನೆರಳಿನಲ್ಲಿ ಹಸಿರು ಬಟ್ಟೆಯಲ್ಲಿ ನಿಂತವರು ಚಾಲಕನಿಗೆ ಕಾಣಲೇ ಇಲ್ಲ. ಹಿಂದಿನ ಸೀಟಿನಲ್ಲಿದ್ದ ನನಗೆ ಯಾರೋ ಕೂಗಿದ್ದು ಕೇಳಿ ನಿಲ್ಲಿಸಲು ಹೇಳಿದೆ. ನಿಂತಾಗ ಎರಡು ಬಂದೂಕುಗಳು ನಮ್ಮತ್ತ ತಿರುಗಿದ್ದವು, ಚಾಲಕ ಹೆದರಿ ಮತ್ತೆ ಗೇರ್ ಹಾಕಲು ಹೊರಟಿದ್ದ. ಅವನ ಕೈಯನ್ನು ನಾನು ಹಿಡಿದುಕೊಂಡೆ.

"ನಿಲ್ಲಿಸಲು ಹೇಳಿದರೂ ಓಡಿದ" ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಗೇರಿನ ಕೈ ನೆನಪಾಗುತ್ತದೆ. ಓಡುವುದಕ್ಕೆ ತಪ್ಪಿತಸ್ಥನೇ ಆಗಿರಬೇಕಿಲ್ಲ, ಹೆದರಿದರೂ ಸಾಕು. ನಿಲ್ಲದಿರುವುದನ್ನೇ ಶತ್ರುತ್ವದ ಪುರಾವೆ ಎಂದು ಯಾವ ಕಾನೂನಾದರೂ ಒಪ್ಪುತ್ತದೆಯೇ?

ವಕೀಲೆ, ಧಾರವಾಡ

ಇದೇ ಪ್ರಶ್ನೆಯನ್ನು ಗುಂಡು ಗುಂಡಾಗಿ ಬಿಡಿಸಿ ನೋಡಿದ ಒಂದು ಮೊಕದ್ದಮೆಯಿದೆ, ವಿವರವಾಗಿ ಹೇಳುವುದಕ್ಕೆ ಅದು ಯೋಗ್ಯ. 1990ರ ಸೆಪ್ಟೆಂಬರ್ 30ರ ರಾತ್ರಿ ಉತ್ತರ ಐರ್ಲೆಂಡಿನ ಪಶ್ಚಿಮ ಬೆಲ್‌ಫಾಸ್ಟ್‌ನ ರಸ್ತೆಯಲ್ಲಿ ಬ್ರಿಟಿಷ್ ಪ್ಯಾರಾಶೂಟ್ ರೆಜಿಮೆಂಟಿನ ಗಸ್ತು ಕಾಲ್ನಡಿಗೆಯಲ್ಲಿತ್ತು. ಮೋಜಿಗಾಗಿ ಕದ್ದ ಕಾರನ್ನು ಹದಿಹರೆಯದವರು ವೇಗವಾಗಿ ಓಡಿಸಿಕೊಂಡು ಬಂದರು. ನಿಲ್ಲಿಸಿ ಎಂದು ಗಸ್ತಿನಲ್ಲಿ ಯಾರೋ ಕೂಗಿದರು, ಸೈನಿಕರು ಗುಂಡು ಹಾರಿಸಿದರು. ಚಾಲಕನೂ ಹಿಂದೆ ಕುಳಿತಿದ್ದ 18 ವರ್ಷದ ಹುಡುಗಿಯೂ ಸತ್ತರು. ಪ್ರೈವೇಟ್ ಲೀ ಕ್ಲೆಗ್ ಎಂಬ ಸೈನಿಕ ನಾಲ್ಕು ಗುಂಡು ಹಾರಿಸಿದ್ದ.

ವಿಚಾರಣೆಯಲ್ಲಿ ನ್ಯಾಯಾಧೀಶರು ಆ ನಾಲ್ಕನ್ನೂ ಒಂದೇ ಘಟನೆ ಎಂದು ನೋಡಲಿಲ್ಲ. ಕಾರು ಎದುರು ಬರುತ್ತಿದ್ದಾಗ ಮುಂಗಾಜಿಗೆ ಹಾರಿದ ಮೊದಲ ಮೂರು ತನ್ನ ಮತ್ತು ಸಂಗಾತಿಯ ಪ್ರಾಣರಕ್ಷಣೆಗೆ ಇದ್ದಿರಬಹುದು ಎಂದು ಒಪ್ಪಿದರು. ನಾಲ್ಕನೆಯದು ಕಾರು ದಾಟಿ 50 ಅಡಿಗೂ ಹೆಚ್ಚು ಮುಂದೆ ಹೋದ ಮೇಲೆ ಹಾರಿತು ಎಂದು ಸಾಕ್ಷ್ಯದಿಂದ ತೀರ್ಮಾನಿಸಿದರು. ಅಷ್ಟು ಹೊತ್ತಿಗೆ ಯಾರಿಗೂ ಅಪಾಯ ಉಳಿದಿರಲಿಲ್ಲ. ಕೊಲೆ ಎಂದು ಶಿಕ್ಷೆಯಾಯಿತು. ಸೈನಿಕರ ಜೇಬಿನಲ್ಲಿ ಗುಂಡು ಹಾರಿಸುವ ಸೂಚನೆಗಳ ಹಳದಿ ಕಾರ್ಡ್ ಇರುತ್ತಿತ್ತು. ಅದು ಸೇನೆಯ ಸೂಚನೆ ಮಾತ್ರ, ಕಾನೂನಿನ ಬಲ ಅದಕ್ಕಿಲ್ಲ ಎಂದು ಮೇಲ್ಮನವಿಯಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಹೇಳಿದರು. ಆತ್ಮರಕ್ಷಣೆಯ ಮಿತಿ ಮೀರಿದರೆ ಅದು ಕೊಲೆಯೇ, ನಡುವಿನ ದರ್ಜೆಯಿಲ್ಲ, ಬೇಕಿದ್ದರೆ ಸಂಸತ್ತು ಕಾನೂನು ಬದಲಿಸಲಿ ಎಂದು 1995ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿದರು. ಆಮೇಲೆ ಹೊಸ ವಿಧಿವಿಜ್ಞಾನ ಸಾಕ್ಷ್ಯ ಬಂದು, 1999ರ ಮರುವಿಚಾರಣೆಯಲ್ಲಿ ಕ್ಲೆಗ್ ಕೊಲೆ ಆರೋಪದಿಂದ ಮುಕ್ತನಾದ. ಆ ನಾಲ್ಕನೇ ಗುಂಡು ಎಲ್ಲಿಂದ ಹೊರಟಿತು ಎಂಬುದೇ ಕಡೆಗೆ ಅನುಮಾನಕ್ಕೆ ಒಳಗಾಯಿತು.

ಎಂಜಿನಿಯರ್ ಅವರೇ, ನಿಲ್ಲದಿರುವುದು ಪುರಾವೆಯಲ್ಲ ಎಂಬುದಕ್ಕೆ ಈ ಪ್ರಕರಣ ಸಾಕು. ಕಾರು ಎದುರಿಗೆ ನುಗ್ಗುವ ಹೊತ್ತು ಒಂದು, ದಾಟಿ ಹೋಗುವ ಹೊತ್ತು ಇನ್ನೊಂದು. ಓಡಿಹೋಗುವವನನ್ನು ತಡೆಯಲು ನಂಬರ್ ಬರೆದುಕೊಳ್ಳಬಹುದು, ಮುಂದಿನ ನಾಕಾಕ್ಕೆ ವೈರ್‌ಲೆಸ್ ಮಾಡಬಹುದು.

ಲಾರ್ಡ್ಸ್ ಇಲ್ಲ ಎಂದ ಆ ನಡುವಿನ ದರ್ಜೆ ನಮ್ಮಲ್ಲಿದೆ. ಭಾರತೀಯ ದಂಡ ಸಂಹಿತೆಯ 300ನೇ ಸೆಕ್ಷನ್ನಿನ ಎರಡನೇ ಮತ್ತು ಮೂರನೇ ವಿನಾಯಿತಿಗಳ ಪ್ರಕಾರ, ಸದ್ಭಾವನೆಯಿಂದ ಆತ್ಮರಕ್ಷಣೆಯ ಹಕ್ಕನ್ನು ಮೀರಿದವನ ಅಥವಾ ಅಧಿಕಾರದ ಮಿತಿ ದಾಟಿದ ಸರ್ಕಾರಿ ನೌಕರನ ಕೃತ್ಯ ಕೊಲೆಯಲ್ಲ, ಅದಕ್ಕಿಂತ ಕೆಳಗಿನ ಅಪರಾಧ. ಹೊಸ ಸಂಹಿತೆಯಲ್ಲೂ ಅವು ಉಳಿದಿವೆ. ಅಂದರೆ ನಮ್ಮ ಸೈನಿಕನನ್ನು ಸಹಾನುಭೂತಿಯಿಂದ ತೂಗುವ ವ್ಯವಸ್ಥೆ ಕಾನೂನಿನೊಳಗೇ ಇದೆ. ಆದರೆ ತೂಗಬೇಕಾದರೆ ವಿಚಾರಣೆ ನಡೆಯಬೇಕು.

ಬೆಂಗಳೂರು ದಕ್ಷಿಣ

ನಾಲ್ಕನೇ ಗುಂಡಿನ ವಾದವನ್ನು ಒಪ್ಪುತ್ತೇನೆ. ಆದರೆ ಆ ಕತ್ತಲಲ್ಲಿ, ಅರೆ ಸೆಕೆಂಡಿನಲ್ಲಿ ಬೆರಳನ್ನು ತಡೆಯದಿದ್ದವನನ್ನು ಕೊಲೆಗಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸ್ಫೋಟಕ ತುಂಬಿದ ವಾಹನ ಸಿಆರ್‌ಪಿಎಫ್ ಬಸ್ಸಿಗೆ ಬಡಿದು 40 ಜನ ಸತ್ತರು, ನಮ್ಮ ಮಂಡ್ಯದ ಯೋಧರೂ ಅವರಲ್ಲಿ ಒಬ್ಬರು. ಅನುಮಾನ ಬಂದಾಗ ತಡೆದುಕೊಳ್ಳಿ ಎನ್ನುವುದು ಸುಲಭ, ತಡೆದುಕೊಂಡವನ ಮನೆಗೆ ಶವಪೆಟ್ಟಿಗೆ ಬಂದರೆ ಅದಕ್ಕೆ ಯಾರು ಹೊಣೆ?

ನಿವೃತ್ತ ಸುಬೇದಾರ್, ಸೋಮವಾರಪೇಟೆ

ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಇದಕ್ಕೆ ನಯವಾದ ಉತ್ತರವಿಲ್ಲ. ಅನುಮಾನ ಇದ್ದಾಗ ಅದರ ಅಪಾಯವನ್ನು ಯಾರಾದರೂ ಹೊರಲೇಬೇಕು, ಗಾಡಿಯಲ್ಲಿರುವವನು ಅಥವಾ ನಾಕಾದಲ್ಲಿರುವವನು. ನಾನು ಕಲಿತಂತೆ, ನನ್ನ ಹುಡುಗರಿಗೆ ಕಲಿಸಿದಂತೆ, ಮೊದಲ ಪಾಲು ನಮ್ಮದು. ಸಮವಸ್ತ್ರ, ಹೆಲ್ಮೆಟ್, ಆಯುಧ, ತರಬೇತಿ, ಮರಳುಚೀಲದ ಮರೆ, ಎಲ್ಲವೂ ನಮಗಿದೆ, ಎದುರಿನವನಿಗೆ ಯಾವುದೂ ಇಲ್ಲ. ಆದರೆ ಸಾಯುವವರೆಗೂ ಹೊರಬೇಕು ಎಂದು ನಾನು ಯಾವ ಹುಡುಗನಿಗೂ ಹೇಳಿಲ್ಲ. ಡ್ರಮ್ಮುಗಳನ್ನು ಉರುಳಿಸಿಕೊಂಡು ನೇರ ನುಗ್ಗುವ ಗಾಡಿಗೆ ನಾನೇ "ಫೈರ್" ಎನ್ನುತ್ತಿದ್ದೆ. ಪುಲ್ವಾಮಾದಂಥ ಸಂದರ್ಭದ ಪಾಠವೂ ನನಗೆ ಹೇಳುವುದು ನಾಕಾವನ್ನು ಇನ್ನೂ ದೂರದಿಂದ ಶುರು ಮಾಡಿ ಎಂದೇ ಹೊರತು, ಬಂದೂಕನ್ನು ಇನ್ನೂ ಬೇಗ ಎತ್ತಿ ಎಂದಲ್ಲ.

ಹೊಣೆಯ ಬಗ್ಗೆ ಒಂದು ಮಾತು. ನಾಕಾವನ್ನು ತಿರುವಿನ ಮರೆಯಲ್ಲಿ ಹಾಕಿಸಿದ ಅಧಿಕಾರಿ, ದೀಪ ಕೊಡದವನು, ಭಾಷೆ ಬಲ್ಲ ಸ್ಥಳೀಯ ಪೊಲೀಸನನ್ನು ಜೊತೆಗೆ ಕಳಿಸದವನು, ಇವರೆಲ್ಲ ಆ ಅರೆ ಸೆಕೆಂಡಿನಲ್ಲಿ ಪಾಲುದಾರರು. ತನಿಖೆ ಯಾವಾಗಲೂ ಟ್ರಿಗರ್ ಎಳೆದವನಲ್ಲೇ ನಿಂತುಬಿಡುತ್ತದೆ ಎಂಬುದು ನನ್ನ ಬಹುದಿನದ ಸಂಕಟ.

ವಿಜಯಪುರದ ಮೇಷ್ಟ್ರು

ಮೇಡಂ ಮಾಡಿದ ಬೇರ್ಪಡಿಕೆ ಈಗ ಸ್ಪಷ್ಟವಾಯಿತು. ಕುರುಕ್ಷೇತ್ರದಲ್ಲಿ ಯುದ್ಧ ಶುರುವಾಗುವ ಮುನ್ನ ಎರಡೂ ಪಕ್ಷಗಳು ಮಾಡಿಕೊಂಡ ಒಪ್ಪಂದದಲ್ಲಿ, ಎಚ್ಚರಿಸಿಯೇ ಹೊಡೆಯಬೇಕು, ಹೆದರಿ ಕಂಗೆಟ್ಟವನನ್ನೂ ಬೆನ್ನು ತಿರುಗಿಸಿದವನನ್ನೂ ಹೊಡೆಯಬಾರದು ಎಂಬ ಮಾತುಗಳಿವೆ. ಎಂಜಿನಿಯರ್ ಅವರ ಚಾಲಕ ಕಂಗೆಟ್ಟವನು, ಬೆಲ್‌ಫಾಸ್ಟ್‌ನ ಕಾರು ಬೆನ್ನು ತಿರುಗಿಸಿದ್ದು. ಆದರೆ ಅಭಿಮನ್ಯುವಿನ ದಿನವೂ ರಥದ ಚಕ್ರ ಹೂತ ಕರ್ಣನ ದಿನವೂ ಆ ಒಪ್ಪಂದ ಉಳಿಯಲಿಲ್ಲ. ಎರಡೂ ಕಡೆ ಒಪ್ಪಿದ ನಿಯಮವನ್ನು ಒಂದು ಕಡೆ ಮುರಿದ ಮೇಲೆ ಇನ್ನೊಂದು ಕಡೆ ಏಕೆ ಪಾಲಿಸಬೇಕು ಎಂಬ ವಾದಕ್ಕೆ ನಿಮ್ಮ ಉತ್ತರವೇನು? ಬಂಡುಕೋರರು ಯಾವ ಕಾರ್ಡನ್ನೂ ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ವಕೀಲೆ, ಧಾರವಾಡ

ಆ ನಿಯಮ ಬಂಡುಕೋರನ ಜೊತೆ ಮಾಡಿಕೊಂಡ ಒಪ್ಪಂದವಾಗಿದ್ದರೆ ನಿಮ್ಮ ವಾದ ಗೆಲ್ಲುತ್ತಿತ್ತು. ನಾವು ಅದನ್ನು ಮಾಡಿಕೊಂಡಿರುವುದು ಪಿಕಪ್‌ನಲ್ಲಿ ಮನೆಗೆ ಹೋಗುತ್ತಿದ್ದವರ ಜೊತೆ. ಅವರು ಯಾವುದನ್ನೂ ಮುರಿದಿರಲಿಲ್ಲ.

ತೀರ್ಥಹಳ್ಳಿ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಸುಬೇದಾರ್ ಸಾಹೇಬರ ಬರಹದಿಂದ ನನ್ನ ಪ್ರಶ್ನೆಯೇ ಸ್ಥಳ ಬದಲಿಸಿದೆ. ಆಂಬುಷ್‌ನಲ್ಲಿ ಎಚ್ಚರಿಕೆಗೆ ಜಾಗವೇ ಇಲ್ಲ ಎಂದಾದರೆ, ಎಚ್ಚರಿಕೆಯನ್ನು ಕಾನೂನು ಕೇಳುವ ಕಡೆ, ಊರಿನವರು ದಿನವೂ ಓಡಾಡುವ ರಸ್ತೆಯಲ್ಲಿ, ಆಂಬುಷ್ ಹಾಕಲು ಅನುಮತಿಯನ್ನೇ ಕೊಡಬಾರದಲ್ಲವೇ?

ನಿವೃತ್ತ ಸುಬೇದಾರ್, ಸೋಮವಾರಪೇಟೆ

ಗಡಿ ದಾಟುವ ಕಾಡುದಾರಿಯಲ್ಲಿ, ಜನ ಹೋಗದ ಹೊತ್ತಿನಲ್ಲಿ ಬೇಕೇ ಬೇಕು, ಅದನ್ನು ನಾನು ಬಿಟ್ಟುಕೊಡಲಾರೆ. ಗಾಡಿ ಓಡಾಡುವ ರಸ್ತೆಯಲ್ಲಿ ಬೇಡ ಎನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಆದರೆ ಬಂಡುಕೋರರೂ ಅದೇ ರಸ್ತೆಯಲ್ಲಿ, ಅಂಥದೇ ಪಿಕಪ್‌ನಲ್ಲಿ ಬರುತ್ತಾರೆ, ನಾಕಾ ಕಂಡರೆ ಇಳಿದು ಕಾಡು ಸೇರುತ್ತಾರೆ ಎಂಬುದೂ ನಿಜ. ಹಾಗೆ ತಪ್ಪಿಸಿಕೊಂಡವನು ಮುಂದೆ ನನ್ನ ಪ್ಲಟೂನಿನ ಮೇಲೆ ಬೀಳಬಹುದು. ಈ ಬೆಲೆಯನ್ನು ಕೊಡಲು ನಾನು ಒಪ್ಪುತ್ತೇನೆ. ನನ್ನ ಜೊತೆ ಸೇವೆ ಮಾಡಿದ ಹಲವರು ಒಪ್ಪುವುದಿಲ್ಲ, ಅವರು ಕೆಟ್ಟ ಸೈನಿಕರೇನಲ್ಲ.

ಬೆಂಗಳೂರು ದಕ್ಷಿಣ

ನಾನು ಆ ಒಪ್ಪದವರ ಕಡೆಗೇ ಇದ್ದೇನೆ. ಆದರೆ ವಿಚಾರಣೆ ನಡೆಯದಿರುವುದನ್ನು ಕಾನೂನುಬದ್ಧ ಎಂದು ನಾನು ಬರೆದ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆ. ಆ ಸಂಜೆ ಸ್ಟಾಪ್ ಪಾರ್ಟಿ ಏನನ್ನು ಕಂಡಿತು, ವೈರ್‌ಲೆಸ್‌ನಲ್ಲಿ ಏನು ಹೇಳಿತು ಎಂಬುದು ಸಾಕ್ಷಿಕಟ್ಟೆಯಲ್ಲಿ ಹೊರಬಂದಿದ್ದರೆ, ಬಹುಶಃ ನನ್ನ ಪಕ್ಷದವರಿಗೇ ಹೆಚ್ಚು ಅನುಕೂಲವಾಗುತ್ತಿತ್ತೋ ಏನೋ.